ಬಾಗಿಲು ಮುಂದೆ ಮಾಡುವುದು

ಬೇವಿನ ಹೂವಿನ ವಾಸನೆ ಬಂದರೆ ಈಗಲೂ ನನಗೆ ಆ ಶಟರ್ ಕಾಣುತ್ತದೆ.

ತಾರ್ನಾಕದ ನಮ್ಮ ಬೀದಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಶರಣಪ್ಪ, ಪ್ರತಿ ಯುಗಾದಿಗೂ ಹಲಗೆಯ ಮೇಲೆ ತೆಲುಗಿನಲ್ಲೂ ಕನ್ನಡದಲ್ಲೂ ಬರೆಯುತ್ತಿದ್ದ: ‘ಬೇವು-ಬೆಲ್ಲ ತಿಂದು ಸುಖವಾಗಿರಿ. ಅಂಗಡಿ ಬೆಳಿಗ್ಗೆ ಆರರಿಂದ ಹತ್ತು, ಸಂಜೆ ಐದರಿಂದ ಒಂಬತ್ತು.’ ಆ ವರ್ಷ ಮಾತ್ರ ಸಂಜೆಯ ಹೊತ್ತಿನ ಬದಲು ‘ಹತ್ತರ ನಂತರ ಮುಚ್ಚಿರುತ್ತದೆ’ ಎಂದಿತ್ತು.

ಹಬ್ಬದ ಬೆಳಿಗ್ಗೆ ಬೆಲ್ಲಕ್ಕೆಂದು ಬಂದ ನನ್ನ ಅಜ್ಜಿ ಅದನ್ನು ಓದಿ ಬೆಚ್ಚಿದಳು. “ವರ್ಷದ ಮೊದಲನೇ ದಿನ ಮುಚ್ಚತೈತಿ ಅಂತ ಬರೀತಾರೇನ್ರಿ? ಬಾಗಿಲಾ ಮುಂದ ಮಾಡ್ತೀವಿ ಅನ್ರಿ.”

“ಇರಲಿ ಬಿಡ್ರಿ ಅವ್ವಾರ,” ಎಂದ ಶರಣಪ್ಪ. ಬೆಲ್ಲದ ಜೊತೆ ಎಂದಿನಂತೆ ಪುಕ್ಕಟೆ ಬೇವಿನ ಹೂ ಕಟ್ಟಿಕೊಟ್ಟು, ಅಂಗೈಗೆ ಅಂಟಿದ್ದ ಹೂವನ್ನು ಬೆಲ್ಲವಿಲ್ಲದೆ ನಿಧಾನವಾಗಿ ಅಗಿದ.

ಸಂಜೆ, ಡಬ್ಬಿ ತುಂಬ ಸಕ್ಕರೆಯಿದ್ದರೂ, ಅಜ್ಜಿ ನನ್ನನ್ನು ಸಕ್ಕರೆಗೆ ಓಡಿಸಿದಳು. ಶಟರ್ ಕೆಳಗಿತ್ತು. ಅದರಡಿಯಿಂದ ದೀಪದ ಬೆಳಕು ಬರುತ್ತಿತ್ತು. ಕೂಗಿದೆ; ಯಾರೂ ಓಗೊಡಲಿಲ್ಲ.

ಹೊರಗೆ ಬೀಗವಿರಲಿಲ್ಲ; ಚಿಲಕ ಒಳಗಿನಿಂದಲೇ ಬಿದ್ದಿತ್ತು.