ಹೊರಗಿನವರಿಗಷ್ಟೇ ಉಳಿದ ದನಿ

"ಜಡೆ ಸೊಟ್ಟ ಆತಮ್ಮ" ಎಂದಿದ್ದಳು ಏಳು ವರ್ಷದ ನಾಗು, ಅಷ್ಟೇ. ಜಡೆ ಹಾಕುತ್ತಿದ್ದ ತಾಯಿ ರಾಜೇಶ್ವರಮ್ಮ ಬಾಚಣಿಗೆಯನ್ನು ಗೋಡೆಗೆ ಎಸೆದಳು. "ಹಂಗಾದ್ರೆ ನೀನೇ ಹಾಕ್ಕೋ! ಮನೀಗೆ ಬಂದ್ರೂ ನನ್ನ ಜೀವ ತಿನ್ನಾಕೆ ಒಬ್ರು!" ಗಂಡ ಪರಮಶಿವಪ್ಪ "ಕೂಸಿನ ಮ್ಯಾಲೆ ಯಾಕೆ..." ಎನ್ನುವಷ್ಟರಲ್ಲಿ ಅವನಿಗೂ ಬೈಗುಳ ಬಿತ್ತು.

ಅವಳು ಶಿಕಾರಿಪುರದಲ್ಲಿ ಸರ್ಕಾರಿ ಸೂಲಗಿತ್ತಿ. ಜೊತೆಗೆ ಕೆಲಸ ಮಾಡುತ್ತಿದ್ದ ಸೂಲಗಿತ್ತಿ ಸೊರಬಕ್ಕೆ ವರ್ಗವಾಗಿ ನಾಲ್ಕು ತಿಂಗಳಾಗಿತ್ತು. ಆಕೆ ನೋಡುತ್ತಿದ್ದ ಹಳ್ಳಿಗಳೂ ಇವಳ ಪಾಲಿಗೇ ಬಂದಿದ್ದವು. ಒಂದು ದಿನವೂ ರಜೆಯಿಲ್ಲ. ಎಷ್ಟು ದಣಿದು ಮಲಗಿದರೂ ನಿದ್ದೆ ಹತ್ತುತ್ತಿರಲಿಲ್ಲ. ಹೆರಿಗೆಯಾಗಿ ಕೂಸು ಮೊದಲ ಸಲ ಅತ್ತಾಗ ಅವಳಿಗೆ ಹಿಂದೆಲ್ಲ ಕಣ್ಣು ತುಂಬುತ್ತಿತ್ತು, ಈಗ ಏನೂ ಅನ್ನಿಸುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಲೋಟದ ಸದ್ದಾದರೂ ಮೈ ಉರಿಯುತ್ತಿತ್ತು.

ಬೈಗುಳ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ತಾಳಗುಂದದ ರೈತನೊಬ್ಬ ಏದುಸಿರು ಬಿಡುತ್ತ ಬಾಗಿಲಿಗೆ ಬಂದ. ಅವನ ಹೆಂಡತಿಗೆ ನೋವು ಶುರುವಾಗಿತ್ತು. "ಹೆದರಬ್ಯಾಡಪ್ಪ, ಕೂತ್ಕೋ. ಮೊದ್ಲು ನೀರು ಕುಡಿ. ಎಷ್ಟೊತ್ತಾತು?" ಎಂದು ರಾಜೇಶ್ವರಮ್ಮ ಮೆಲ್ಲಗೆ ಕೇಳಿದಳು. ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ನಾಗು ತಲೆಯೆತ್ತಿ, ಈ ದನಿ ಯಾರದೆಂಬಂತೆ ತಾಯಿಯ ಬಾಯನ್ನೇ ನೋಡಿದಳು.

ಚೀಲ ತುಂಬುತ್ತಿದ್ದ ರಾಜೇಶ್ವರಮ್ಮನ ಕೈ ನಿಂತಿತು. ಆ ದನಿಯನ್ನು ಮಗಳು ಕೇಳಿ ಎಷ್ಟು ದಿನವಾಯಿತೆಂದು ಅವಳಿಗೇ ನೆನಪಾಗಲಿಲ್ಲ. ಹೋಗದೆ ವಿಧಿಯಿರಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, ಗಂಡನ ಮುಖ ನೋಡದೆ ಹೇಳಿದಳು: "ರೀ, ನನ್ನ ಕೈಲಿ ಆಗ್ತಿಲ್ಲ. ನಮ್ಮ ಆಸ್ಪತ್ರೆ ಡಾಕ್ಟ್ರಿಗೆ ನನ್ನ ರಜಾ ಅರ್ಜಿ ಬರದಿಡ್ರಿ. ಬಂದು ಸಹಿ ಹಾಕ್ತೀನಿ."