ಬಿಸಿಲಿನ ಕುರ್ಚಿ

ಹೆಣ್ಣು ನೋಡುವ ಶಾಸ್ತ್ರ ಮುಗಿದ ಮೇಲೆ ನರಹರಿ ವಾರವಾರವೂ ಸುಮೇಧಾಳನ್ನು ಕಾಫಿಗೆ ಕರೆಯುತ್ತಿದ್ದ. ಕಿಟಕಿಯ ಬಿಸಿಲು ಬೀಳುವ ಕುರ್ಚಿಯಲ್ಲಿ ತಾನು ಕೂತು, ಅವಳನ್ನು ನೆರಳಿಗೆ ಕೂರಿಸುತ್ತಿದ್ದ. ಆ ಒಂದು ಒಳ್ಳೆಯತನಕ್ಕಾಗಿಯೇ ಅವಳು ಇಷ್ಟು ದಿನ ತಾಳಿಕೊಂಡಿದ್ದಳು. ಮದುವೆಯಾದ ಮೇಲೆ ನಾನು ಕೆಲಸಕ್ಕೆ ಹೋಗಬಹುದೇ, ಮನೆ ಎಲ್ಲಿ ಮಾಡೋಣ, ಏನು ಕೇಳಿದರೂ ಅವನದು ಒಂದೇ ಉತ್ತರ: "ಅಮ್ಮನ್ನ ಕೇಳಿ ಹೇಳ್ತೀನಿ." ನಿಶ್ಚಿತಾರ್ಥಕ್ಕೆ ಯಾವ ಬಣ್ಣದ ಅಂಗಿ ಎಂದು ಕೇಳಿದಾಗಲೂ ಅದೇ.

ಇವತ್ತು ಕಾಫಿ ಬಂದ ಮೇಲೆ ಅವಳೆಂದಳು, "ಬೆಳಿಗ್ಗೆ ನಿಮ್ಮಮ್ಮ ಫೋನ್ ಮಾಡಿದ್ರು. ಈ ಸಂಬಂಧ ಬೇಡ ಅಂದ್ರು."

ಅವನ ಮುಖ ಸಣ್ಣಗಾಯಿತು. "ನನಗೆ ನೀವು ಅಂದ್ರೆ ತುಂಬಾ ಇಷ್ಟ ರೀ."

"ಹಾಗಂತ ಅವರಿಗೆ ಒಂದು ಮಾತು ಹೇಳಿ."

"ಅಮ್ಮ ಬೇಡ ಅಂದ ಮೇಲೆ ನಾನೇನು ಹೇಳೋದು?"

"ಯಾಕೆ ಬೇಡ ಅಂತನಾದ್ರೂ ಕೇಳ್ತೀರಾ?"

"ಎದುರು ಮಾತಾಡಿ ನನಗೆ ಅಭ್ಯಾಸ ಇಲ್ಲ. ಯೋಚನೆ ಮಾಡಿಯೇ ಹೇಳಿರ್ತಾರೆ ಬಿಡಿ."

ಹಾಗೆಂದವನು ಕಾಫಿ ಲೋಟ ಕೈಗೆತ್ತಿಕೊಂಡು, ಕುರ್ಚಿಯನ್ನು ಮೆಲ್ಲಗೆ ಎಳೆದು ತಾನೂ ನೆರಳಿಗೆ ಸರಿದ.

ಸುಮೇಧಾ ಅವನೆದುರಿಗೇ ಅವನ ತಾಯಿಗೆ ಫೋನ್ ಮಾಡಿದಳು.

"ಅಮ್ಮಾ, ಬೆಳಿಗ್ಗೆ ನೀವು ಅಷ್ಟು ಪ್ರೀತಿಯಿಂದ ಒಪ್ಪಿಗೆ ಅಂದ್ರಿ. ಆದ್ರೆ ನಿಮ್ಮ ಮಗನಿಗೆ ನಾನು ಬೇಡವಂತೆ."