ಬೇಲಿಯಾಚೆಗೊಂದು ಮುಂಜಾನೆ ಮಾತು

“ಚಂದ್ರಮುಖಿ, ಕಮಲನಯನೆ, ಬೆಳಗಾಯ್ತು ಏಳು, ಅಂತ ಹೇಳ್ರಿ ಚಿಗವ್ವ” ಎಂದ ಕಾಳಪ್ಪ, ಮುಳ್ಳುಬೇಲಿಯ ಈಚೆ ನಿಂತು.

ಆಚೆ ಇದ್ದವು ಕುಷ್ಟಗಿಯ ಹೊರಗೆ ಪ್ಲೇಗಿನವರಿಗೆಂದು ಹಾಕಿದ ಜೋಪಡಿಗಳು. ಒಂದರಲ್ಲಿ ಅವನ ಹೆಂಡತಿ ಉಡಚಮ್ಮ ಮಲಗಿದ್ದಳು. ಗಂಡನಾದರೂ ಒಳಗೆ ಹೋಗುವಂತಿರಲಿಲ್ಲ. ಹೋಗಿ ಬರುತ್ತಿದ್ದವಳು ಅವನು ಚಿಗವ್ವ ಎಂದು ಕರೆಯುವ ನೂರಜಾನಬಿ ಒಬ್ಬಳೇ. ಹಿಂದೊಮ್ಮೆ ತನಗೇ ಗಡ್ಡೆ ಎದ್ದು ಬದುಕಿ ಬಂದವಳು, ಅಂಜಿಕೆ ಬಿಟ್ಟಿದ್ದಳು. ಬೆಳಗಾದರೆ ರೋಗಿಗಳಿಗೆ ಗಂಜಿ ಕುಡಿಸುವುದು ಅವಳ ಕೆಲಸ. ಉಡಚಮ್ಮ ಗಂಜಿಗೆ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಹೀಗೇ ಆದರೆ ಜೀವ ನಿಲ್ಲುವುದಿಲ್ಲ ಎಂದು ಹೆದರಿ, “ಎದ್ದ ಕೂಡಲೇ ಆಕಿ ಕೇಳೂವಂಥ ಒಂದು ಮಾತು ಕೊಡೋ ತಮ್ಮಾ, ಅದನ್ನ ಹೇಳಿ ಕುಡಸ್ತೀನಿ” ಎಂದು ಅವಳೇ ಕೇಳಿದ್ದಳು.

ಸ್ವಲ್ಪ ಹೊತ್ತಿಗೆ ತುಂಬಿದ ಬಟ್ಟಲು ಹಾಗೇ ಹಿಡಿದುಕೊಂಡು ಹೊರಬಂದಳು. “ಅದು ನೀ ಬಯಲಾಟದಾಗ ಓಬಳೆಪ್ಪಗ ಹೇಳಿದ ಮಾತಂತ. ರಾಣಿ ವೇಷ ಹಾಕಿದ್ದ ಅವನ ಮೀಸಿ ಇನ್ನೂ ಆಕಿ ಕಣ್ಣಾಗ ಐತಂತ. ‘ಅವನಿಗೆ ಹೇಳಿದ್ದು ನನಗ ಬ್ಯಾಡ’ ಅಂದು ಮಗ್ಗಲಾ ತಿರುವಿದಳು.”

ಕಾಳಪ್ಪನಿಗೆ ನಾಚಿಕೆಯಾಯಿತು. ರಾಜನ ವೇಷ ಕಟ್ಟಿ ಕಟ್ಟಿ ಅವನ ಬಾಯಲ್ಲಿ ಚಂದ್ರ, ಕಮಲ ಬಿಟ್ಟು ಬೇರೆ ಮಾತೇ ಉಳಿದಿರಲಿಲ್ಲ. “ಮತ್ತೇನ ಹೇಳಲಿ? ಆರಾಮ ಅದೀಯಾ ಅಂತ ಕೇಳ್ರಿ.”

“ಅದನ್ನ ಹಕೀಮರು ಕೇಳ್ತಾರ. ಆಕೀಗಷ್ಟ ಹೊಂದೂವಂಥದ್ದು ಹೇಳು. ಉದ್ದ ಮಾಡಬ್ಯಾಡ, ಗಂಜಿ ಆರತೈತಿ. ಕಡೀಕ ಏನರ ಕೇಳು. ಉತ್ತರಾ ಕೊಡಾಕರ ಬಾಯಿ ತಗೀತಾಳ.”

ಮರುದಿನ ಅವನು ತನ್ನ ಕಾಲ್ಬೆರಳು ನೋಡುತ್ತಾ ಹೇಳಿದ. “ನಿನ್ನ ಆಡು ನನಗ ಹಾಲು ಕೊಡವಲ್ದು. ಸಂತಿಯಿಂದ ತಡಾ ಮಾಡಿ ಬಂದ್ರ ನೀ ಮಾರಿ ತಿರುವತಿದ್ದೆಲ್ಲ, ಹಂಗ ತಿರುವತೈತಿ. ನಿನಗಾದ್ರ ಗಾಜಿನ ಬಳಿ ತಂದು ಸಮಾಧಾನ ಮಾಡ್ತಿದ್ದೆ. ಇದಕ್ಕೇನ ತರಲಿ?”

ನೂರಜಾನಬಿ ನಗುತ್ತಲೇ ಹೊರಬಂದಳು. “ಅದಕ್ಕೂ ಬಳೀನ ತರ್ರಿ ಅಂದಳು. ಆದ್ರ ನನಗ ತಂದಂಗ ಸಣ್ಣ ಅಳತೀವು ತರಬ್ಯಾಡ್ರಿ, ಅಂತ.” ಬಟ್ಟಲು ಅರ್ಧ ಖಾಲಿಯಾಗಿತ್ತು.

ಅಲ್ಲಿಂದ ಕಾಳಪ್ಪನಿಗೆ ಅದೇ ಕೆಲಸವಾಯಿತು. ಹೊಲದಲ್ಲಿ ಕುಂಟೆ ಹೊಡೆಯುವಾಗಲೂ ಅವಳು ಹೇಗೆ ನಡೆಯುತ್ತಿದ್ದಳು, ಯಾವುದಕ್ಕೆ ಸಿಟ್ಟಾಗುತ್ತಿದ್ದಳು ಎಂದು ನೆನಪು ಮಾಡಿಕೊಳ್ಳುತ್ತಿದ್ದ. ಅಪ್ಪ ಅವ್ವ ಇರುವ ಮನೆಯಲ್ಲಿ ಹೆಂಡತಿಯೊಡನೆ ಹಗಲು ಹೊತ್ತು ನಿಂತು ಮಾತಾಡುವುದುಂಟೇ? ಬಾಯಿಬಿಟ್ಟು ಹೇಳದೆ ಉಳಿದದ್ದು ಬೇಕಾದಷ್ಟಿತ್ತು, ಪಾಪ. ಒಂದು ಬೆಳಿಗ್ಗೆ ಹೀಗೆ ಹೇಳಿಕಳಿಸಿದ: “ರೊಟ್ಟಿ ಬಡಿಯೂಮುಂದ ಕೆಳತುಟಿ ಕಚ್ಚತೀಯಲ್ಲ, ಅದನ್ನ ನೋಡಾಕ ನಾ ಬೀಡಿಗೆ ಬೆಂಕಿ ಕೇಳೂ ನೆವಾ ಮಾಡಿ ಒಳಗ ಬರತಿದ್ದೆ. ಗೊತ್ತಿತ್ತೇನ?”

“ಗೊತ್ತಿತ್ತು. ಅದಕ್ಕ ಕಚ್ಚತಿದ್ದೆ” ಎಂಬ ಉತ್ತರ ಬಂತು. ಬಟ್ಟಲು ಪೂರ್ತಿ ಬರಿದಾಗಿತ್ತು. ಕಾಳಪ್ಪ ಊರಿನ ದಾರಿಯುದ್ದಕ್ಕೂ ಒಬ್ಬನೇ ನಕ್ಕ. ಇನ್ನು ಬದುಕಿದಳು ಎಂದುಕೊಂಡ.

ಮುಂದಿನ ಬೆಳಿಗ್ಗೆ ನೂರಜಾನಬಿ ಅವನಿಗಿಂತ ಮೊದಲೇ ಬಂದು ಬೇಲಿಯ ಹತ್ತಿರ ನಿಂತಿದ್ದಳು. ಅವನು ದೂರದಿಂದಲೇ ಶುರುಮಾಡಿದ. “ಇವತ್ತಿಂದು ಭಾಳ ಛಲೋ ಐತ್ರಿ ಚಿಗವ್ವ. ‘ನಿನ್ನ ಹಾಸಗಿ ಮ್ಯಾಲ ಬೆಕ್ಕು ಬಂದು ಮಲಗತೈತಿ. ಎಬ್ಬಿಸಿದ್ರ ನಿನ್ನಂಗ ಗುರ್ ಅಂತೈತಿ. ಅದನ್ನ ಓಡಸಾಕ ನೀ ಯಾವತ್ತ ಬರ್ತಿ?’ ಅಂತ ಕೇಳ್ರಿ.”

ಅವಳು ಒಳಗೆ ಹೋಗಲಿಲ್ಲ. ಕೈಯಲ್ಲಿ ಬಟ್ಟಲೂ ಇರಲಿಲ್ಲ.

“ತಮ್ಮಾ, ನಸುಕಿನ್ಯಾಗ ಆಕಿ...” ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಳಪ್ಪ ಬೇಲಿಯ ಮುಳ್ಳು ಹಿಡಿದುಕೊಂಡ. ರಕ್ತ ಬಂದದ್ದು ಅವನಿಗೆ ತಿಳಿಯಲಿಲ್ಲ.

ನೂರಜಾನಬಿ ಬೇಲಿಗೆ ಇನ್ನಷ್ಟು ಹತ್ತಿರ ಬಂದಳು. “ನಿನ್ನಿ ಸಂಜೀಕ ನನ್ನ ಕಡಿ ಒಂದು ಮಾತು ಕೊಟ್ಟಾಳ. ‘ದಿನಾ ಅವರು ಮೊದಲ ಹೇಳ್ತಾರ, ನಾಳಿ ನಾ ಮೊದಲ ಹೇಳ್ತೀನಿ. ಅವರು ಬಾಯಿ ತಗಿಯೂಕಿಂತ ಮುಂಚೇನ ಹೇಳಬೇಕು’ ಅಂದಿದ್ದಳು. ನೀನ ಮೊದಲ ಮಾತಾಡಿಬಿಟ್ಟಿ.”

“ಹೇಳ್ರಿ.”

“ಎದ್ದೀರೇನ್ರಿ? ಆ ಹಸರ ರುಮಾಲು ಸುತಗೊಂಡು ಬಾವಿ ಕಡಿ ಅಡ್ಡಾಡಬ್ಯಾಡ್ರಿ. ನಿಮಗ ಭಾಳ ಒಪ್ಪತೈತಿ, ನೀರಿಗೆ ಬಂದ ಹೆಂಗಸರು ನೋಡ್ತಾರ. ನಾ ಬರೂತನಾ ತಗದಿಡ್ರಿ, ಅಂತ.”

ಕಾಳಪ್ಪ ತಲೆಯ ಮೇಲಿನ ಹಸಿರು ರುಮಾಲನ್ನು ಸುತ್ತು ಸುತ್ತಾಗಿ ಬಿಚ್ಚಿದ. ಮಣ್ಣಿನಲ್ಲಿ ಕುಳಿತು, ಅದನ್ನು ಮೊಣಕಾಲ ಮೇಲೆ ಹರವಿ, ಒಂದು ಸುಕ್ಕೂ ಉಳಿಯದಂತೆ ಮಡಚತೊಡಗಿದ.